ಪ್ರೀ-ವೆಡ್ಡಿಂಗ್ ಶೂಟ್ ಮುಂದೂಡುವ ಮೆಸೇಜ್

ಅಕ್ಟೋಬರ್‌ನಲ್ಲಿ ಹಳೇ ಮೈಸೂರು ಸೀಮೆಗೆ ಎರಡು ಬಗೆಯ ಮಳೆ ಬರುತ್ತದೆ. ಒಂದು, ಬೆಳಿಗ್ಗೆಯೆಲ್ಲ ಬಿಸಿಲು ಕಾಯ್ದು ಮಧ್ಯಾಹ್ನದ ಮೇಲೆ ಗುಡುಗಿ ಸುರಿಯುವುದು. ಇನ್ನೊಂದು, ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು-ಮೂರು ದಿನ ಮೋಡ ಮುಚ್ಚಿಕೊಂಡು ಹಿಡಿದ ಮಳೆ. ಮೇಲುಕೋಟೆಯ ಕಲ್ಯಾಣಿ, ರಾಯಗೋಪುರದ ಬಳಿ ಶೂಟ್ ಗೊತ್ತುಮಾಡಿಕೊಂಡ ಜೋಡಿ ಮೊದಲು ತಿಳಿದುಕೊಳ್ಳಬೇಕಾದದ್ದು, ಬರುತ್ತಿರುವುದು ಯಾವ ಮಳೆ ಎಂಬುದನ್ನು. ಗುಡುಗಿನ ಮಳೆಯಾದರೆ ಸಂಜೆಯ ಶೂಟನ್ನು ಬೆಳಿಗ್ಗೆ ಆರಕ್ಕೆ ತಂದರೆ ಸಾಕು, ಅದೇ ದಿನ ಮುಗಿಯುತ್ತದೆ. ಹಿಡಿದ ಮಳೆಯಾದರೆ ದಿನವನ್ನೇ ಬದಲಿಸಬೇಕು. ಕಲ್ಯಾಣಿಯ ಮೆಟ್ಟಿಲು ಜಾರುತ್ತದೆ, ಡ್ರೋನ್ ಹಾರಿಸಲಾಗದು, ರೇಷ್ಮೆ ಸೀರೆಯ ಅಂಚು ಕೆಸರಾಗುತ್ತದೆ.

ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆಯಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿವೆ. ಬಣ್ಣ ಇಡೀ ಮಂಡ್ಯ ಜಿಲ್ಲೆಗೆ ಅನ್ವಯಿಸುತ್ತದೆ, ಬೆಟ್ಟದ ಮೇಲೆ ನಾಲ್ಕು ಗಂಟೆಗೆ ಮಳೆ ಬರುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಮುನ್ಸೂಚನೆ ದೂರ ಹೋದಷ್ಟೂ ಸಡಿಲವಾಗುತ್ತದೆ. ಹತ್ತು ದಿನ ಮೊದಲೇ ಮೊಬೈಲಿನಲ್ಲಿ ಮಳೆಯ ಗುರುತು ಕಂಡಿತೆಂದು ಶೂಟ್ ಬದಲಿಸುವುದು ಆತುರ. ಹಿಂದಿನ ರಾತ್ರಿ ತಿಳಿಸುವುದು ಅನ್ಯಾಯ, ಅಷ್ಟರಲ್ಲಿ ಫೋಟೋಗ್ರಾಫರ್ ಲೆನ್ಸ್ ಬಾಡಿಗೆಗೆ ತಂದಿರುತ್ತಾರೆ, ಸಹಾಯಕರಿಗೆ ಮಾತು ಕೊಟ್ಟಿರುತ್ತಾರೆ. ಎರಡು-ಮೂರು ದಿನ ಮುಂಚೆ ಹೇಳುವುದೇ ಸರಿ.

ಅಕ್ಟೋಬರ್ 11ರ ಶನಿವಾರ ಶೂಟ್, ನವೆಂಬರ್ 23ಕ್ಕೆ ಮದುವೆ ಎಂದಿಟ್ಟುಕೊಳ್ಳೋಣ. ಬುಧವಾರ ಸಂಜೆ ಹೀಗೆ ಬರೆಯಬಹುದು:

“ನಮಸ್ಕಾರ ಸರ್. ಶನಿವಾರ 11ನೇ ತಾರೀಕು ಮೇಲುಕೋಟೆಯಲ್ಲಿ ನಮ್ಮ ಶೂಟ್ ಇದೆಯಲ್ಲ, ಶುಕ್ರವಾರದಿಂದ ಭಾನುವಾರದವರೆಗೆ ಮಳೆ ಅಂತ ಹವಾಮಾನ ಇಲಾಖೆ ಹೇಳಿದೆ. ಬೇರೆ ದಿನ ಮಾಡೋಣವೇ? ನಮಗೆ 14, 15 ಅಥವಾ 25 ಆಗುತ್ತದೆ. ಇವುಗಳಲ್ಲಿ ನಿಮಗೆ ಯಾವುದು ಬಿಡುವು? ಮೂರೂ ಆಗದಿದ್ದರೆ 31ರೊಳಗೆ ನಿಮಗೆ ಹತ್ತಿರದ ಬಿಡುವಿನ ದಿನ ತಿಳಿಸಿ. ಕೊಟ್ಟ ಅಡ್ವಾನ್ಸ್ ಹೊಸ ದಿನಕ್ಕೇ ಹಿಡಿಯಬಹುದಾ? ನಾಳೆ ಮಧ್ಯಾಹ್ನದೊಳಗೆ ಹೇಳಿದರೆ ಮೇಕಪ್‌ನವರಿಗೂ ತಿಳಿಸುತ್ತೇವೆ.”

12ನ್ನು ಕೇಳದಿರುವುದಕ್ಕೆ ಕಾರಣವಿದೆ: ವಾಯುಭಾರ ಕುಸಿತ ಒಂದೇ ದಿನದಲ್ಲಿ ಸರಿದುಹೋಗುವುದು ಅಪರೂಪ. 31ರ ಗಡುವಿಗೂ ಕಾರಣವಿದೆ. ಆರತಕ್ಷತೆಯ ಪರದೆಯಲ್ಲಿ ತೋರಿಸುವ ವಿಡಿಯೋ ಎಡಿಟ್ ಆಗಿ, ಮನೆಯವರು ನೋಡಿ ತಿದ್ದಿಸಲು ಮೂರು ವಾರವಾದರೂ ಬೇಕು. ಮಂಗಳವಾರ, ಬುಧವಾರವನ್ನು ಸೇರಿಸಿದ್ದು, ಶನಿವಾರ-ಭಾನುವಾರಗಳು ಬೇಗ ತುಂಬುತ್ತವೆಂದು. “ಯಾವಾಗ ಫ್ರೀ ಇದ್ದೀರಿ?” ಎಂದಷ್ಟೇ ಕೇಳಿದರೆ ಉತ್ತರಕ್ಕೆ ಮತ್ತೊಂದು ಪ್ರಶ್ನೆ, ಅದಕ್ಕೆ ಮತ್ತೊಂದು ಉತ್ತರ ಎಂದು ಎರಡು ದಿನ ಕಳೆಯುತ್ತದೆ. ಅಷ್ಟರಲ್ಲಿ ಆ ದಿನ ಬೇರೆಯವರ ಪಾಲಾಗಿರುತ್ತದೆ.

ಫೋಟೋಗ್ರಾಫರ್ 15 ಆಗಬಹುದು ಎಂದರೂ ತಕ್ಷಣ ಖಚಿತಪಡಿಸಬೇಡಿ. ಮೇಕಪ್‌ನವರು, ಬಾಡಿಗೆ ಲೆಹೆಂಗಾದ ಅಂಗಡಿ, ಕಾರಿನವರು, ಹೀಗೆ ಎಲ್ಲರಿಗೂ ಆ ದಿನ ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಸ್ಥಳದಲ್ಲಿ ಚಿತ್ರೀಕರಣಕ್ಕೆ ದಿನಾಂಕ ನಮೂದಿಸಿ ಅನುಮತಿ ಪಡೆದಿದ್ದರೆ ಅದನ್ನೂ ಬದಲಿಸಿಕೊಳ್ಳಬೇಕು. ಆಮೇಲೆ ಹೊಸ ತಾರೀಕು, ಸಮಯ, ಅಡ್ವಾನ್ಸ್ ಮೂರನ್ನೂ ಒಂದೇ ಮೆಸೇಜಿನಲ್ಲಿ ಬರೆದು ಕಳಿಸಿ.