ತುಳಸಿ, ಶುಂಠಿ, ಕಾಳುಮೆಣಸಿನ ಕಷಾಯ

ನೆಗಡಿಯಾದಾಗ ಕುಡಿಯುವ ಕಷಾಯದಲ್ಲಿ ಮೊದಲು ನಾಲಿಗೆಗೆ ತಾಗುವುದು ಖಾರ. ಮೆಣಸಿನ ಪೈಪರಿನ್ ಮತ್ತು ಶುಂಠಿಯ ಜಿಂಜರಾಲ್, ಬಿಸಿಯನ್ನು ಗುರುತಿಸುವ ನರಗಳನ್ನೇ ಕೆರಳಿಸುತ್ತವೆ. ಆಗ ಬಾಯಲ್ಲಿ ಜೊಲ್ಲೂರುತ್ತದೆ, ಮೂಗಿನಲ್ಲಿ ನೀರಾಡುತ್ತದೆ, ಕಟ್ಟಿದ ಸಿಂಬಳ ತೆಳುವಾಗಿ ಇಳಿಯುತ್ತದೆ. ಆಯುರ್ವೇದ ಇದನ್ನೇ ಕಫ ಕರಗುವುದು ಎನ್ನುತ್ತದೆ.

ತುಳಸಿಯ ಕೆಲಸ ಬೇರೆ. ಅದರ ಘಮಕ್ಕೆ ಮುಖ್ಯ ಕಾರಣವಾದ ಯೂಜಿನಾಲ್ ಲವಂಗದಲ್ಲೂ ಇರುವ ಎಣ್ಣೆಯಂಶ. ಹಬೆಯೊಂದಿಗೆ ಬೇಗ ಹಾರಿಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಹಾಕಿ ಗಂಟೆಗಟ್ಟಲೆ ಕುದಿಸಿದರೆ ಖಾರ ಉಳಿಯುತ್ತದೆ, ಘಮ ಉಳಿಯುವುದಿಲ್ಲ. ಎರಡು ಲೋಟ ನೀರಿಗೆ ಜಜ್ಜಿದ ಒಂದಿಂಚು ಶುಂಠಿ, ಕುಟ್ಟಿದ ಐದಾರು ಮೆಣಸು ಹಾಕಿ, ನೀರು ಒಂದೂವರೆ ಲೋಟಕ್ಕೆ ಇಳಿದ ಮೇಲೆ ಹತ್ತು ತುಳಸಿ ಎಲೆ ಸೇರಿಸಿ, ಒಲೆ ಆರಿಸಿ ಐದು ನಿಮಿಷ ಮುಚ್ಚಿಡುವುದು ಒಳ್ಳೆಯ ಕ್ರಮ.

ಕಷಾಯ ನೆಗಡಿಯ ವೈರಸ್ಸನ್ನು ಕೊಲ್ಲುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಗಂಟಲಿಗೆ ಹಿತ ಸಿಗುತ್ತದೆ. ಹೊಟ್ಟೆಯುರಿ ಬಂದರೆ ಮೆಣಸು ಹೆಚ್ಚಾಗಿದೆ ಎಂದರ್ಥ. ಜೇನು ಬೆರೆಸಿದ ಕಷಾಯವನ್ನು ವರ್ಷ ತುಂಬದ ಮಗುವಿಗೆ ಕೊಡಲೇಬಾರದು. ಉಸಿರಾಟ ಕಷ್ಟವಾದರೆ, ಜ್ವರ ಮೂರು ದಿನ ದಾಟಿದರೆ ವೈದ್ಯರಿಗೆ ತೋರಿಸಬೇಕು.