ಜಾತಕ ಕೂಡಲಿಲ್ಲ ಎಂದು ಬರೆಯುವಾಗ

ಹುಡುಗಿಯ ಕಡೆಯವರು ಜಾತಕ, ಫೋಟೊ ಕಳಿಸಿ ಹತ್ತು ದಿನವಾಯಿತು. ಹುಡುಗನ ಮನೆಯ ಜೋಯಿಸರು ಎರಡನೇ ದಿನವೇ 'ಇದು ಬೇಡ' ಅಂದಿದ್ದಾರೆ. ಹೇಗೆ ಹೇಳುವುದು ಎಂಬ ಸಂಕೋಚಕ್ಕೆ ಮನೆಯವರು ಸುಮ್ಮನಿದ್ದಾರೆ. ಅಲ್ಲಿ ಹುಡುಗಿಯ ತಂದೆ ಬೇರೆ ಸಂಬಂಧದವರಿಗೆ 'ಸ್ವಲ್ಪ ತಡೀರಿ' ಅನ್ನುತ್ತಿದ್ದಾರೆ. 'ಬೇಡ' ಅನ್ನುವುದಕ್ಕಿಂತ ಹೆಚ್ಚು ನೋಯಿಸುವುದು ಈ ಮೌನವೇ.

ಆಮೇಲೆ ಕಾರಣದ ಪ್ರಶ್ನೆ. ಕುಜದೋಷ, ಮೂಲಾ ನಕ್ಷತ್ರ, ಆಶ್ಲೇಷಾ ಇವೆಲ್ಲ ಒಬ್ಬರ ಜಾತಕಕ್ಕೆ ಅಂಟಿಸುವ ಮಾತುಗಳು. 'ನಿಮ್ಮ ಹುಡುಗಿಗೆ ಕುಜದೋಷವಿದೆ' ಎಂದು ಬರೆದರೆ ಅದು ಬ್ರೋಕರ್ ಬಾಯಿಗೆ ಬಿದ್ದು ಮುಂದಿನ ಸಂಬಂಧಗಳಿಗೂ ಅಡ್ಡ ಬರುತ್ತದೆ. ನಾಡಿಕೂಟದ ಮಾತು ಬೇರೆ. 27 ನಕ್ಷತ್ರಗಳನ್ನು ಆದ್ಯ, ಮಧ್ಯ, ಅಂತ್ಯ ಎಂದು ಒಂಬತ್ತೊಂಬತ್ತಾಗಿ ಹಂಚಿದ್ದಾರೆ. ಹುಡುಗ ರೇವತಿ, ಹುಡುಗಿ ರೋಹಿಣಿ ಅಂದುಕೊಳ್ಳಿ. ಇಬ್ಬರದೂ ಅಂತ್ಯನಾಡಿ, ಹಾಗಾಗಿ ನಾಡಿಯ 8 ಗುಣಗಳಲ್ಲಿ ಸೊನ್ನೆ. ಅದೇ ಹುಡುಗಿಗೆ ಅಶ್ವಿನಿಯ ಹುಡುಗ ಬಂದರೆ ಈ ತೊಡಕೇ ಇಲ್ಲ. ದೋಷ ಯಾರದೂ ಅಲ್ಲ, ಜೋಡಿಯದು. ಬರೆಯಬಹುದಾದ ಕಾರಣ ಈ ಬಗೆಯದು.

'ಗುಣ ಕಡಿಮೆ ಬಂತು' ಎಂದಷ್ಟೇ ಬರೆದರೆ ವಾದಕ್ಕೆ ದಾರಿ. ಒಟ್ಟು 36ರಲ್ಲಿ 18 ಬಂದರೆ ಸಾಕು ಅನ್ನುವವರು ಬಹಳ. ನಾಡಿ ಸೊನ್ನೆಯಾದರೂ ಉಳಿದ ಏಳು ಕೂಟಗಳ 28ರಲ್ಲಿ ಅಷ್ಟು ಸಿಕ್ಕಿಬಿಡಬಹುದು. 'ನಮ್ಮ ಜೋಯಿಸರು ಕೂಡುತ್ತೆ ಅಂದ್ರಲ್ಲ' ಎಂದು ಅವರು ಫೋನ್ ಮಾಡುತ್ತಾರೆ. ಆದ್ದರಿಂದ ನಿಮ್ಮ ಮನೆಯ ಪದ್ಧತಿಯನ್ನೇ ಹೇಳಿಬಿಡಿ:

'ನಮಸ್ಕಾರ ರಾಯರೇ. ನಂಬಿಕೆಯಿಟ್ಟು ಜಾತಕ ಕಳಿಸಿದ್ದಕ್ಕೆ ನಾವು ಋಣಿಗಳು. ನಿಮ್ಮ ಮನೆತನ, ಹುಡುಗಿಯ ಓದು ಎಲ್ಲವೂ ನಮಗೆ ಒಪ್ಪಿಗೆಯಾಗಿತ್ತು. ಆದರೆ ಇಬ್ಬರದೂ ಅಂತ್ಯನಾಡಿಯೇ ಆಗಿದೆ. ನಮ್ಮಲ್ಲಿ ಹಿರಿಯರು ಏಕನಾಡಿಯಲ್ಲಿ ಮುಂದುವರಿಯುವುದಿಲ್ಲ. ಈ ಸಂಬಂಧ ಕೂಡಿ ಬರಲಿಲ್ಲ ಎಂದು ಹೇಳಲು ನಮಗೂ ಬೇಸರವಿದೆ. ನೀವು ಕಾಯುವಂತಾಗಬಾರದೆಂದು ಕೂಡಲೇ ತಿಳಿಸುತ್ತಿದ್ದೇನೆ. ಜಾತಕ, ಫೋಟೊ ನಮ್ಮ ಫೋನುಗಳಿಂದ ಅಳಿಸಿದ್ದೇವೆ. ಮಗಳಿಗೆ ಬೇಗ ಕಂಕಣಬಲ ಕೂಡಿ ಬರಲಿ.'

'ಸದ್ಯಕ್ಕೆ ಬೇಡ, ಮುಂದೆ ನೋಡೋಣ' ಎಂಬ ಸಾಲು ಇದರಲ್ಲಿಲ್ಲ. ಅದನ್ನು ಓದಿದವರು ಮತ್ತೆ ಕಾಯುತ್ತಾರೆ. ಇದನ್ನು ಹುಡುಗನ ತಂದೆಯೋ ಸೋದರಮಾವನೋ ಕಳಿಸಿದರೆ ಚೆನ್ನ. ನಡುವೆ ಪರಿಚಯಸ್ಥರಿದ್ದರೆ ಮೊದಲು ಅವರಿಗೊಂದು ಫೋನ್ ಹೋಗಲಿ.

ಹುಡುಗಿಯನ್ನು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು ಬಂದಮೇಲೆ ಮಾತ್ರ ಈ ಸಂದೇಶ ನಡೆಯುವುದಿಲ್ಲ. ಜಾತಕ ಕೂಡಿತೆಂದೇ ಅಲ್ಲವೇ ಹೋಗಿದ್ದು? ಆಗ 'ಮನೆಯಲ್ಲಿ ಎಲ್ಲರ ಒಮ್ಮತ ಬರಲಿಲ್ಲ, ಕ್ಷಮಿಸಿ' ಎಂದಷ್ಟೇ ಹೇಳಬೇಕು, ಅದೂ ಫೋನಿನಲ್ಲಿ.