ಕೇಶವಿನ್ಯಾಸಕರಿಗೆ ಸಂಬಳವೇ, ಕಮಿಷನ್ನೇ?

ಇಂದಿರಾನಗರದ ಸಲೂನೊಂದರಲ್ಲಿ ನುರಿತ ಕೇಶವಿನ್ಯಾಸಕರೊಬ್ಬರ ಮಾಸಿಕ ಬಿಲ್ಲು ರೂ. 2,00,000 ಎಂದಿಟ್ಟುಕೊಳ್ಳೋಣ. ಶೇ. 30ರ ಕಮಿಷನ್ನಿನಂತೆ ಅವರಿಗೆ ರೂ. 60,000 ದೊರೆಯುತ್ತದೆ. ಮದುವೆಗಳಿಲ್ಲದ ಆಷಾಢದಲ್ಲಿ ಬಿಲ್ಲು ರೂ. 80,000ಕ್ಕೆ ಇಳಿದರೆ ಕೈಸೇರುವುದು ರೂ. 24,000 ಮಾತ್ರ, ಅವರು ಬೇರೆ ಅಂಗಡಿಯನ್ನು ಹುಡುಕುವುದು ಆಗಲೇ. ಬರೀ ನಿಗದಿತ ಸಂಬಳವಾದರೆ ಹೆಚ್ಚು ದುಡಿದವರಿಗೆ ಲಾಭವಿಲ್ಲ.

ರೂ. 35,000 ಸಂಬಳ, ಲಕ್ಷ ಮೀರಿದ ಬಿಲ್ಲಿಗೆ ಶೇ. 20 ಕಮಿಷನ್ ಎಂದು ನಿಗದಿಪಡಿಸಿದರೆ ಅವೇ ತಿಂಗಳುಗಳಲ್ಲಿ ಕ್ರಮವಾಗಿ ರೂ. 55,000 ಹಾಗೂ 35,000 ಆಗುತ್ತದೆ. ಆಷಾಢದಲ್ಲಿ ಮಾಲೀಕರು ಹೆಚ್ಚಿಗೆ ತೆರುವ ರೂ. 11,000, ಮೂರು ಒಳ್ಳೆಯ ತಿಂಗಳುಗಳಲ್ಲಿ ಮರಳುತ್ತದೆ.

ಕಮಿಷನ್ನಿನ ಲೆಕ್ಕ ರಿಯಾಯಿತಿ ಕಳೆಯುವ ಮೊದಲೋ, ನಂತರವೋ ಎಂಬುದನ್ನು ಬರೆದಿಡಬೇಕು; ಮನಸ್ತಾಪ ಹುಟ್ಟುವುದು ಅಲ್ಲಿಯೇ. ಬಿಟ್ಟುಹೋದವರು ಪಕ್ಕದ ಸಲೂನು ಸೇರಬಾರದೆಂಬ ಷರತ್ತನ್ನು ನಂಬಬೇಡಿ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಅದು ಊರ್ಜಿತವಲ್ಲ.